ಡೀಲೋಡ್ ವಾರದಲ್ಲಿ ಇಳಿಸಬೇಕಾದದ್ದು ಯಾವುದು?

ಭಾರ ಎತ್ತುವ ವ್ಯಾಯಾಮದಲ್ಲಿ ದಣಿವು ಕರಗಲೆಂದು ಹೊರೆ ಇಳಿಸುವ ವಾರ, ಅಂದರೆ ಡೀಲೋಡ್ ವಾರ, ಬೇಕೆಂದು ತಿಳಿಯುವುದು ಹೇಗೆ? ಆಗ ವ್ಯಾಯಾಮದಲ್ಲಿ ಏನನ್ನು ಬದಲಿಸಬೇಕು?

ಸತತ ಎರಡು ಮೂರು ವ್ಯಾಯಾಮದ ಅವಧಿಗಳಲ್ಲಿ ಅದೇ ಭಾರ ಹೆಚ್ಚು ಭಾರವೆನಿಸಿ ಎತ್ತುವ ಸಂಖ್ಯೆ ಕುಸಿದರೆ, ಒಂದು ವಾರ ಸೆಟ್‌ಗಳನ್ನು ಸುಮಾರು ಅರ್ಧಕ್ಕೆ ಇಳಿಸಿ. ಭಾರವನ್ನು ಸ್ವಲ್ಪ ಮಾತ್ರ ತಗ್ಗಿಸಿ. ಒಂದೇ ಒಂದು ಕೆಟ್ಟ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ನಿದ್ದೆಗೆಟ್ಟ ರಾತ್ರಿಯ ಫಲವೂ ಆಗಿರಬಹುದು.

ವಾರಗಟ್ಟಲೆ ಕೂಡಿಬಂದ ದಣಿವು ನಿಮ್ಮ ನಿಜವಾದ ಶಕ್ತಿಯನ್ನು ಮುಚ್ಚಿಡುತ್ತದೆ. ಹೊರೆ ಇಳಿಸಿದಾಗ ದಣಿವು ಬೇಗ ಕರಗುತ್ತದೆ, ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲ. ದಣಿವನ್ನು ಹೆಚ್ಚಾಗಿ ತರುವುದು ಒಟ್ಟು ಕೆಲಸ. ಆದ್ದರಿಂದಲೇ ಮೊದಲ ಕತ್ತರಿ ಸೆಟ್‌ಗಳಿಗೆ.

ನೀವು 100 ಕಿಲೋ ಸ್ಕ್ವಾಟ್ ಅನ್ನು ಐದರಂತೆ 5 ಸೆಟ್ ಮಾಡುತ್ತಿದ್ದಿರಿ, ಈಗ ಮೂರನೇ ಸೆಟ್‌ನಲ್ಲೇ ನಾಲ್ಕಕ್ಕೆ ನಿಲ್ಲುತ್ತಿದ್ದೀರಿ ಎನ್ನೋಣ. ಆ ವಾರ 90 ಕಿಲೋದಲ್ಲಿ ನಾಲ್ಕರಂತೆ 2 ಅಥವಾ 3 ಸೆಟ್ ಸಾಕು. ಪ್ರತಿ ಸೆಟ್ ಮುಗಿದಾಗ ಇನ್ನೂ ಮೂರ್ನಾಲ್ಕು ಬಾರಿ ಎತ್ತಬಲ್ಲೆ ಎನಿಸಬೇಕು. ಹಗುರವೆನಿಸಿತೆಂದು ವಾರದ ನಡುವೆ ಭಾರ ಏರಿಸುವುದು ಹಲವರು ಮಾಡುವ ತಪ್ಪು. ಮುಂದಿನ ವಾರ 100 ಕಿಲೋಗೆ ಮರಳಿ, ಆದರೆ 4 ಸೆಟ್‌ಗಳಿಂದ ಆರಂಭಿಸಿ.

ಆಗಲೂ ಹಳೆಯ ಲಯ ಮರಳದಿದ್ದರೆ ನಿದ್ದೆ, ಊಟಗಳನ್ನು ಪರಿಶೀಲಿಸಿ. ಒಂದೇ ಕೀಲಿನಲ್ಲಿ ಚುಚ್ಚುವ ನೋವಿದ್ದರೆ ಅದು ದಣಿವಲ್ಲ, ವೈದ್ಯರಿಗೆ ತೋರಿಸಿ.