ಹನ್ನೆರಡು ವ್ಯಾನ್ ಒಟ್ಟಿಗೆ ಪ್ಲಗ್ ಹಾಕಿದರೆ ಬಿಲ್ ಏನಾಗುತ್ತದೆ

ಪ್ರಶ್ನೆ: ನಗರದೊಳಗೆ ಡೆಲಿವರಿ ಮಾಡುವ 10 ಡೀಸೆಲ್ ವ್ಯಾನ್ ಇವೆ. ಎಲೆಕ್ಟ್ರಿಕ್ ತಗೊಂಡರೆ ಕಿಲೋಮೀಟರಿಗೆ ಎಷ್ಟು ಉಳಿಯುತ್ತೆ? ಎಷ್ಟು ಫಾಸ್ಟ್ ಚಾರ್ಜರ್ ಬೇಕು? ಲೋಡ್ ಕಡಿಮೆ ಹೊರುತ್ತವೆ ಅಂತಾರೆ, ನಿಜವಾ?

ಉತ್ತರ: ಫಾಸ್ಟ್ ಚಾರ್ಜರ್ ಒಂದೂ ಬೇಡ. ಕಿಲೋಮೀಟರ್ ಲೆಕ್ಕವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ನಾನು ಅಲ್ಲಿಂದಲೇ ಶುರು ಮಾಡಿ ಕೆಟ್ಟೆ.

ನನ್ನವು 12 ವ್ಯಾನ್. ಒಂದೊಂದೂ ದಿನಕ್ಕೆ ಸುಮಾರು 80 ಕಿಲೋಮೀಟರ್ ಓಡುತ್ತದೆ. ಲೋಡ್ ಇದ್ದಾಗ ಕಿಲೋಮೀಟರಿಗೆ ಕಾಲು ಯೂನಿಟ್ ಬೇಕು, ಅಂದರೆ ದಿನಕ್ಕೆ 20 ಯೂನಿಟ್. ಚಾರ್ಜ್ ಮಾಡುವಾಗ ಸ್ವಲ್ಪ ನಷ್ಟವಾಗುವುದರಿಂದ ಮೀಟರಿನಲ್ಲಿ 22 ಓಡುತ್ತದೆ. ಇದನ್ನು ಯೂನಿಟ್ ದರಕ್ಕೆ ಗುಣಿಸಿ ಡೀಸೆಲ್ ಖರ್ಚಿನ ಪಕ್ಕ ಇಟ್ಟೆ. ಉಳಿತಾಯ ಚೆನ್ನಾಗಿಯೇ ಕಂಡಿತು. ಗುಣಾಕಾರ ತಪ್ಪಿರಲಿಲ್ಲ. ಬಿಲ್ಲಿನ ಒಂದು ಸಾಲನ್ನು ಮಾತ್ರ ನೋಡಿದ್ದೆ.

ಇನ್ನೊಂದು ಸಾಲು ಡಿಮ್ಯಾಂಡ್ ಚಾರ್ಜ್. ದೊಡ್ಡ ಕನೆಕ್ಷನ್ ಇದ್ದರೆ ಎಷ್ಟು ಯೂನಿಟ್ ಸುಟ್ಟಿರಿ ಅನ್ನುವುದರ ಜೊತೆಗೆ, ಒಂದೇ ಹೊತ್ತಿನಲ್ಲಿ ಅತಿ ಹೆಚ್ಚು ಎಷ್ಟು ಎಳೆದಿರಿ ಅನ್ನುವುದಕ್ಕೂ ದುಡ್ಡು ಕೊಡಬೇಕು. ಮೀಟರ್ ಸಾಮಾನ್ಯವಾಗಿ 15 ಅಥವಾ 30 ನಿಮಿಷದ ಸರಾಸರಿ ತೆಗೆಯುತ್ತಾ ಹೋಗುತ್ತದೆ. ತಿಂಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ, ಅದರ ಮೇಲೆ ಇಡೀ ತಿಂಗಳ ಚಾರ್ಜ್. ಒಂದೇ ಒಂದು ಸಂಜೆ ಜಾಸ್ತಿ ಎಳೆದರೂ ಸಾಕು. ಒಪ್ಪಂದದ ಲೋಡ್ ಮೀರಿದರೆ ದಂಡ ಬೇರೆ.

ನಮ್ಮಲ್ಲಿ ಪ್ರತಿ ಸಂಜೆಯೂ ಅದೇ ಆಗುತ್ತಿತ್ತು. ಡ್ರೈವರ್‌ಗಳು ಏಳು ಗಂಟೆ ಹೊತ್ತಿಗೆ ಬಂದು, ಪ್ಲಗ್ ಸಿಕ್ಕಿಸಿ ಮನೆಗೆ ಹೋಗುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ನಾನೇ ಹಾಗೆ ಹೇಳಿದ್ದೆ. ಒಂದೊಂದು ಚಾರ್ಜರ್ 7.4 ಕಿಲೋವ್ಯಾಟ್, 12 ಸೇರಿ ಸುಮಾರು 89. ಮೂರು ಗಂಟೆಯಲ್ಲಿ ಎಲ್ಲ ಗಾಡಿಯೂ ತುಂಬಿಬಿಡುತ್ತಿತ್ತು. ಆಮೇಲೆ ಬೆಳಗಿನವರೆಗೆ ಇಡೀ ಕನೆಕ್ಷನ್ ಸುಮ್ನೆ ಕೂತಿರುತ್ತಿತ್ತು. ನಮಗೆ ಬೇಕಿದ್ದದ್ದು ರಾತ್ರಿಗೆ 264 ಯೂನಿಟ್. ಅದನ್ನು ಒಂಬತ್ತು ಗಂಟೆಗೆ ಹರಡಿದ್ದರೆ 30 ಕಿಲೋವ್ಯಾಟ್ ಒಳಗೇ ಮುಗಿಯುತ್ತಿತ್ತು. ಅಂದರೆ ಬೇಕಾದದ್ದರ ಮೂರು ಪಟ್ಟು ಡಿಮ್ಯಾಂಡಿಗೆ ತಿಂಗಳು ತಿಂಗಳು ದುಡ್ಡು ಸುರಿದೆ. ಡೀಸೆಲ್‌ನಲ್ಲಿ ಉಳಿದದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಯಿತು. ಈಗ ಹೇಳಿ, ಇದರಲ್ಲಿ ಫಾಸ್ಟ್ ಚಾರ್ಜರ್ ಬೇರೆ ಸೇರಿದ್ದರೆ? ಅಂಥ ಒಂದೇ ಮಿಷಿನ್ 60 ಕಿಲೋವ್ಯಾಟ್ ಎಳೆಯಬಲ್ಲದು.

ಮೊದಲು ಮಾಡಿದ ಉಪಾಯ ಸರದಿ. ನಾಲ್ಕು ನಾಲ್ಕು ಗಾಡಿಗೆ ಮೂರು ಗಂಟೆ, ಟೈಮರ್ ಇಟ್ಟು. ಕಾಗದದ ಮೇಲೆ ಸರಿಯಿತ್ತು. ಆದರೆ ತಡವಾಗಿ ಬಂದ ಗಾಡಿ ತನ್ನ ಸರದಿ ತಪ್ಪಿಸಿಕೊಂಡು ಬೆಳಗ್ಗೆ ಖಾಲಿ ನಿಂತಿರುತ್ತಿತ್ತು. ಕೊನೆಗೆ ಲೋಡ್ ಹಂಚುವ ಚಾರ್ಜರ್‌ಗಳನ್ನು ಹಾಕಿಸಿದೆ. ಒಟ್ಟು 30 ಅಂತ ಮಿತಿ ಕೊಟ್ಟರೆ, ಎಷ್ಟು ಗಾಡಿ ಸಿಕ್ಕಿಸಿವೆಯೋ ಅಷ್ಟಕ್ಕೆ ಅದೇ ಪಾಲು ಮಾಡುತ್ತದೆ. ಹನ್ನೆರಡೂ ಇದ್ದರೆ ತಲಾ ಎರಡೂವರೆ ಕಿಲೋವ್ಯಾಟ್. ಮಿತಿಯನ್ನು ತೀರಾ ಇಳಿಸಬೇಡಿ. 6 ಆಂಪಿಯರ್‌ಗಿಂತ ಕೆಳಗೆ ಈ ಥರದ ಚಾರ್ಜಿಂಗ್ ನಡೆಯುವುದಿಲ್ಲ, ನಿಧಾನವಾದಷ್ಟೂ ನಷ್ಟವೂ ಜಾಸ್ತಿ. ಎಲೆಕ್ಟ್ರಿಷಿಯನ್‌ಗೆ ಗಾಡಿಗಳನ್ನು ಮೂರು ಫೇಸಿಗೂ ಸಮನಾಗಿ ಹಂಚಲು ಹೇಳಿ. ಎಲ್ಲವನ್ನೂ ಒಂದೇ ಫೇಸಿಗೆ ಕೊಟ್ಟರೆ ಒಟ್ಟು ಲೋಡ್ ಕಡಿಮೆ ಇದ್ದರೂ ಬ್ರೇಕರ್ ಬೀಳುತ್ತದೆ.

ಇನ್ನು ಲೋಡ್ ವಿಷಯ. ಗಾಡಿಯ ಒಟ್ಟು ತೂಕಕ್ಕೆ ಮಿತಿ ಇರುತ್ತದೆ, ಬ್ಯಾಟರಿ ದಪ್ಪವಾದಷ್ಟೂ ಸರಕಿನ ಪಾಲು ಇಳಿಯುತ್ತದೆ. 40 ಯೂನಿಟ್ ಬದಲು 70 ಯೂನಿಟ್ ಬ್ಯಾಟರಿ ತಗೊಂಡರೆ ಸುಮಾರು 200 ಕಿಲೋ ಅಲ್ಲಿಗೇ ಹೋಗುತ್ತದೆ. ಪಾರ್ಸೆಲ್ ಸಾಗಿಸುವವರಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ, ತೂಕ ತುಂಬುವ ಮೊದಲೇ ಜಾಗ ತುಂಬಿರುತ್ತದೆ. ನೀರು, ಟೈಲ್ಸ್, ಬಣ್ಣದ ಡಬ್ಬ ಹೊರುವವರಿಗೆ ತಟ್ಟುತ್ತದೆ. ಒಂದು ವಾರ ನಿಮ್ಮ ಗಾಡಿಗಳನ್ನು ಲೋಡ್ ಆದ ಮೇಲೆ ತೂಗಿಸಿ ನೋಡಿ. 80 ಕಿಲೋಮೀಟರ್ ಓಡಿಸಿ ರಾತ್ರಿ ನಿಲ್ಲಿಸುವ ಗಾಡಿಗೆ 70ರ ಬ್ಯಾಟರಿ ಯಾಕೆ ಅಂತ ನನಗಂತೂ ಅರ್ಥವಾಗುವುದಿಲ್ಲ.

ಎರಡು ಶಿಫ್ಟ್ ಓಡಿಸುವುದಾದರೆ ಮಾತ್ರ ಮಾತು ಬೇರೆ. ಆಗ ಮಧ್ಯಾಹ್ನದ ಅರ್ಧ ಗಂಟೆಗೆ ಒಂದು ಫಾಸ್ಟ್ ಚಾರ್ಜರ್ ಬೇಕಾಗಬಹುದು. ಅದನ್ನೂ ಇದೇ ಮಿತಿಯೊಳಗೆ ಕಟ್ಟಿಹಾಕಿ. ಗಾಡಿಗೆ ಅಡ್ವಾನ್ಸ್ ಕೊಡುವ ಮೊದಲು ವಿದ್ಯುತ್ ಕಚೇರಿಗೆ ಹೋಗಿ ನಿಮ್ಮ ಜಾಗಕ್ಕೆ ಎಷ್ಟು ಲೋಡ್ ಸಿಗುತ್ತದೆ, ಡಿಮ್ಯಾಂಡ್ ದರ ಎಷ್ಟು ಅಂತ ಬರೆಸಿಕೊಂಡು ಬನ್ನಿ. ಟ್ರಾನ್ಸ್‌ಫಾರ್ಮರ್ ಬದಲಿಸಬೇಕಾಗಿ ಬಂದರೆ ಗಾಡಿಗಳು ಮೊದಲೇ ಬಂದು ನಿಂತಿರುತ್ತವೆ, ಕರೆಂಟ್ ಬಂದಿರುವುದಿಲ್ಲ.