ವ್ಯಾಪಾರಿಯೇ ಖಳನಾದಾಗ: ಅರ್ಧ ಪುಟದ ಹಿನ್ನೆಲೆ, ಮಾತಿನ ಧಾಟಿ

"ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಎಸೆದು ಆಡೋ ನಮ್ಮ ಫ್ಯಾಂಟಸಿ ಆಟದಲ್ಲಿ ಸಾಮಾನು ಮಾರೋ ವ್ಯಾಪಾರಿನೇ ಕೊನೆಗೆ ಖಳನಾಯಕ ಆಗಬೇಕು. ಮೂರು ಪುಟ ಹಿನ್ನೆಲೆ ಬರೆದಿದ್ದೀನಿ, ಆದ್ರೆ ಅವನು ಬಾಯಿ ಬಿಟ್ಟ ಕೂಡಲೇ ಎಲ್ರಿಗೂ ಅನುಮಾನ ಬರುತ್ತೆ."

ಅರ್ಧ ಪುಟ ಸಾಕು. ಆಟ ನಡೆಸುವಾಗ ಕಣ್ಣು ಹಾಯಿಸೋಕೆ ಆಗೋದೇ ಅಷ್ಟು. ಅವನು ಏನು ಕಳೆದುಕೊಂಡ, ಅದರಿಂದ ಯಾವ ತಪ್ಪು ಪಾಠ ಕಲಿತ, ಈಗ ಏನನ್ನು ಕೊಳ್ಳಲು ಹೊರಟಿದ್ದಾನೆ, ಇಷ್ಟು ಬರೆಯಿರಿ.

ಉದಾಹರಣೆಗೆ ಹೇಮದತ್ತ ಅಂತಿಟ್ಟುಕೊಳ್ಳಿ. ಪ್ರವಾಹದ ವರ್ಷ ಅವನಪ್ಪ ಊರಿಗೆಲ್ಲ ಬಾಯಿಮಾತಿನ ಮೇಲೆ ಧಾನ್ಯ ಸಾಲ ಕೊಟ್ಟ. ಸುಗ್ಗಿ ಬಂದಾಗ ಒಬ್ಬರೂ ಒಪ್ಪಿಕೊಳ್ಳಲಿಲ್ಲ, ಅಂಗಡಿ ಮುಳುಗಿತು. ಮಗ ಕಲಿತದ್ದು: ಬರೆದಿಡದ್ದು ನಡೆದೇ ಇಲ್ಲ. ಈಗ ಊರವರ ಸಾಲಪತ್ರಗಳನ್ನೆಲ್ಲ ಸದ್ದಿಲ್ಲದೆ ಕೊಳ್ಳುತ್ತಿದ್ದಾನೆ. ಆ ಪತ್ರಗಳ ಪೆಟ್ಟಿಗೆಯನ್ನು ಊರಿಂದೂರಿಗೆ ಸಾಗಿಸೋರು ನಿಮ್ಮ ಆಟಗಾರರೇ, ಒಂದು ಸಲಕ್ಕೆ 50 ಚಿನ್ನದ ನಾಣ್ಯಕ್ಕೆ. ನಾಲ್ಕನೇ ಕೂಟದಲ್ಲಿ ಮುದ್ರೆ ಒಡೆದು ನೋಡಿದಾಗ, ಅವನನ್ನು ಬೆಳೆಸಿದ್ದು ತಾವೇ ಅಂತ ಗೊತ್ತಾಗಲಿ.

ಅವನ ಡಿಸೆಪ್ಷನ್ ಅಂಕ, ಅಂದ್ರೆ ಸುಳ್ಳು ಹೇಳೋ ಜಾಣ್ಮೆಯ ಅಂಕ, ಜಾಸ್ತಿ ಇಟ್ಟರೆ ಸಾಕು ಅನ್ನೋರಿದ್ದಾರೆ. ಅರ್ಧ ಸರಿ. ನಾಲ್ವರು ಆಟಗಾರರೂ ಇನ್‌ಸೈಟ್‌ಗೆ, ಅಂದ್ರೆ ಎದುರಿನವನ ಮನಸ್ಸು ಓದೋಕೆ, 20 ಮುಖದ ದಾಳ ಎಸೆದರೆ, ಒಬ್ಬರಿಗಾದರೂ 15 ಅಥವಾ ಅದಕ್ಕಿಂತ ಹೆಚ್ಚು ಬೀಳೋ ಸಂಭವ ನೂರಕ್ಕೆ 76. ಒಂದಲ್ಲ ಒಂದು ದಿನ ಸುಳ್ಳು ಸಿಕ್ಕಿಬೀಳುತ್ತೆ. ಅದಕ್ಕೇ ಅವನು ಸುಳ್ಳೇ ಹೇಳಬಾರದು, ಕೇಳಿದ್ದರ ಪಕ್ಕದ್ದನ್ನು ಹೇಳಬೇಕು:

"ಪೆಟ್ಟಿಗೆಯಲ್ಲಿ ಏನಿದೆ?"
"ಹನ್ನೆರಡು ಸೇರು ತೂಕ. ನೀರು ತಾಗಬಾರದು. ಮಳೆಗಾಲ ಅಂತ ಹತ್ತು ನಾಣ್ಯ ಹೆಚ್ಚಿಗೆ ಕೊಡ್ತೀನಿ, ಬರೆದುಬಿಡೋಣವಾ?"

ಯಾರಿಗಾದರೂ ದಾಳ ಚೆನ್ನಾಗಿ ಬಿದ್ದರೆ, "ಅವನು ಹೇಳಿದ್ದು ನಿಜ. ಆದ್ರೆ ನೀವು ಕೇಳಿದ್ದು ತೂಕ ಅಲ್ಲ" ಅಂತಷ್ಟೇ ಹೇಳಿ.

"ಬರೆದುಬಿಡೋಣವಾ" ಅನ್ನೋದು ಅವನ ಪಲ್ಲವಿ. ಒಂದು ಕೂಟಕ್ಕೆ ಎರಡು ಸಲ ಸಾಕು, ಐದಾದರೆ ತಮಾಷೆಯಾಗುತ್ತೆ. ಗೊಗ್ಗರು ದನಿ, ಕುಹಕದ ನಗು ಬಿಟ್ಟುಬಿಡಿ. ನಿಮ್ಮವರಿಗೆ ಅನುಮಾನ ಬಂದಿದ್ದು ಬಹುಶಃ ಅಲ್ಲೇ. ಮಾರುವಾಗ ಚಿಕ್ಕ ಚಿಕ್ಕ ಮಾತು. ಚೌಕಾಸಿಯಲ್ಲಿ ಸೋತರೆ ಖುಷಿಯಿಂದ ಸೋಲಲಿ, ಆ ಸೋಲನ್ನೂ ಬರೆದಿಟ್ಟುಕೊಳ್ಳಲಿ. ಎಲ್ಲರಿಗೂ ನೀವು, ಕೂಲಿಯಾಳಿಗೂ ನೀವು. ಮೂಲೆಗೆ ಸಿಕ್ಕಿದಾಗ ಮಾತ್ರ, ಇಡೀ ಆಟದಲ್ಲಿ ಒಂದೇ ಸಲ: "ನಿನ್ನ ಸಹಿ ಇದೆ ಇದರಲ್ಲಿ." ಆ ಒಂದು "ನಿನ್ನ" ಸಾಕು, ಬೆದರಿಕೆಯ ಭಾಷಣ ಬೇಡ.



ಎರಡನೇ ಕೂಟದಲ್ಲೇ ಅವನನ್ನು ಕೊಂದುಬಿಟ್ಟರೆ? ಪತ್ರಗಳು ಮಗಳ ಕೈಗೆ ಹೋಗಲಿ ಅಂತೀನಿ ನಾನು, ಸಾಲ ಸಾಯಲ್ಲವಲ್ಲ. ಅದು ಆಟಗಾರರಿಗೆ ಮಾಡೋ ಮೋಸ ಅನ್ನೋರೂ ಇದ್ದಾರೆ, ಅವರ ಮಾತನ್ನು ಪೂರ್ತಿ ತಳ್ಳಿಹಾಕೋಕೂ ಆಗಲ್ಲ.