‘ಬಹುದು’ ಕತ್ತರಿಸಿದರೆ ಹೋಗುವುದೇನು?

“ನಿಮ್ಮ ವಿಜ್ಞಾನ ಪುಟದ ತುಂಬ ಬರೀ ‘ಇರಬಹುದು’, ‘ಸೂಚಿಸುತ್ತದೆ’, ‘ಪ್ರಾಥಮಿಕ ಫಲಿತಾಂಶ’. ನಾಲ್ಕು ಸಾಲಿನ ಸಾರಾಂಶದಲ್ಲೂ ಅಡ್ಡಗೋಡೆ ಮೇಲೆ ದೀಪ ಇಡುವುದು ಯಾಕೆ? ಇವನ್ನು ತೆಗೆದರೆ ಜಾಗವೂ ಉಳಿಯುತ್ತದೆ, ನೇರವಾಗಿಯೂ ಇರುತ್ತದೆ ಅಲ್ವಾ?”
— ಒಬ್ಬ ಓದುಗರು

ಪ್ರಿಯ ಓದುಗರೇ,

ಜಾಗ ಉಳಿಯುತ್ತದೆ, ನಿಜ. ಏನು ಕಳೆಯುತ್ತದೆ ಅನ್ನುವುದಕ್ಕೆ, ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಎಂಬ ವಸ್ತುವಿನ ಕಥೆ ನೋಡಿ.

ಈ ವಸ್ತು ಇರುವ ಹಣ್ಣು ತರಕಾರಿ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿತ್ತು. 1981ರಲ್ಲಿ ರಿಚರ್ಡ್ ಪೀಟೊ, ರಿಚರ್ಡ್ ಡಾಲ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಈ ವಿಷಯ ಬರೆದಾಗ ಶೀರ್ಷಿಕೆಯನ್ನೇ ಪ್ರಶ್ನೆಯಾಗಿ ಇಟ್ಟರು: ಆಹಾರದ ಬೀಟಾ ಕ್ಯಾರೊಟಿನ್ ಕ್ಯಾನ್ಸರನ್ನು ಗಣನೀಯವಾಗಿ ತಗ್ಗಿಸಬಲ್ಲದೇ? ಅದು ಸುಮ್ನೆ ವಿನಯಕ್ಕೆ ಹಾಕಿದ ಪ್ರಶ್ನಾರ್ಥಕ ಚಿಹ್ನೆಯಲ್ಲ. ತರಕಾರಿ ಹೆಚ್ಚು ತಿನ್ನುವವರು ಸಿಗರೇಟು ಕಡಿಮೆ ಸೇದುವವರೂ ಆಗಿರಬಹುದು. ಕಾಪಾಡುತ್ತಿರುವುದು ತರಕಾರಿಯಲ್ಲಿನ ಬೇರೇನೋ ಆಗಿರಬಹುದು. ಗುಂಪುಗಳನ್ನು ಹೋಲಿಸಿ ನೋಡಿದರೆ ಇದು ಬಗೆಹರಿಯುವುದಿಲ್ಲ, ಮಾತ್ರೆ ಕೊಟ್ಟೇ ನೋಡಬೇಕು.

ಹಾಗೆ ಕೊಟ್ಟು ನೋಡಿದರು. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಚೀಟಿ ಎತ್ತಿದಂತೆ ಗುಂಪು ಮಾಡಿ, ಕೆಲವು ಗುಂಪುಗಳಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ! ಅಮೆರಿಕದಲ್ಲಿ ನಡೆಯುತ್ತಿದ್ದ ಇಂಥದ್ದೇ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು.

1981ರ ಆ ಲೇಖನವನ್ನು ‘ಬೀಟಾ ಕ್ಯಾರೊಟಿನ್ ಕ್ಯಾನ್ಸರ್ ತಡೆಯುತ್ತದೆ’ ಎಂದು ಯಾರಾದರೂ ಸಾರಾಂಶ ಮಾಡಿದ್ದರೆ ಒಂದೊಂದು ಅಂಕಿಯೂ ಸರಿಯಿದ್ದು ಸುದ್ದಿ ಮಾತ್ರ ಸುಳ್ಳಾಗುತ್ತಿತ್ತು. ಸಿಗರೇಟು ಸೇದುವ ಒಬ್ಬ ಓದುಗ ಅದನ್ನು ನಂಬಿ ಮಾತ್ರೆ ಕೊಳ್ಳುತ್ತಿದ್ದ.

ಹಾಗಂತ ನಿಮ್ಮ ದೂರನ್ನು ಪೂರ್ತಿ ತಳ್ಳಿಹಾಕಲಾರೆ. ‘ಬಹುಶಃ ಸಂಬಂಧ ಇರಬಹುದು ಎಂದು ಸೂಚಿಸುವಂತಿದೆ’ ಅನ್ನುವ ವಾಕ್ಯ ನನ್ನ ಮೇಜಿಗೆ ಬಂದರೆ ಎರಡು ಪದ ಹೊಡೆದು ಹಾಕುತ್ತೇನೆ. ಅನುಮಾನ ಒಂದೇ ಇರುವಾಗ ಮೂರು ಸಲ ಹೇಳಬೇಕಿಲ್ಲ. ‘ಪ್ರಾಥಮಿಕ’ ಎಂದಿದ್ದರೆ ಯಾಕೆ ಎಂದು ಬರೆದವರನ್ನು ಕೇಳುತ್ತೇನೆ. ಇಲಿಗಳ ಮೇಲಷ್ಟೇ ನೋಡಿದ್ದೋ, ಇಪ್ಪತ್ತೇ ಜನರ ಮೇಲೋ, ಇನ್ನೂ ಬೇರೆ ತಜ್ಞರು ಪರಿಶೀಲಿಸದ ಬರಹವೋ? ಆ ಕಾರಣ ಬಂದರೆ ‘ಪ್ರಾಥಮಿಕ’ ಬಿಟ್ಟರೂ ನಡೆಯುತ್ತದೆ. ಇನ್ನೊಂದು ಕಡೆ, ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ‘ಬರುವ ಸಾಧ್ಯತೆ ಇದೆಯೇನೋ ಎಂದು ಅಧ್ಯಯನಗಳು ಸೂಚಿಸುತ್ತವೆ’ ಎಂದು ಬರೆದರೆ ಅದೂ ತಪ್ಪೇ. ಅಲ್ಲಿ ಕಾರಣ ಸಾಬೀತಾಗಿದೆ.

1981ರ ಲೇಖನಕ್ಕೆ ನಮ್ಮ ಪುಟದ ಸಾರಾಂಶ ಹೀಗಿರುತ್ತಿತ್ತು: ‘ಆಹಾರದಲ್ಲಿ ಬೀಟಾ ಕ್ಯಾರೊಟಿನ್ ಜಾಸ್ತಿ ಇರುವವರಲ್ಲಿ ಕ್ಯಾನ್ಸರ್ ಕಡಿಮೆ ಕಂಡಿದೆ. ಅದರಿಂದಲೇ ಕಡಿಮೆಯಾಗಿರಬಹುದು, ಮಾತ್ರೆ ಕೊಟ್ಟು ಇನ್ನೂ ಪರೀಕ್ಷಿಸಿಲ್ಲ.’ ಎರಡೇ ವಾಕ್ಯ.

— ಸಂಪಾದಕ